ಮುಯ್ಯಾಳು ಲೆಕ್ಕ: ದೂರದ ಊರು ಸೇರಿಸಿದರೆ ಇಲ್ಲಿನ ಕೇರಿಗಳು ಯಾಕೆ ಒಂದಾದವು?

ಶಿರಸಿಯ ವಿದ್ಯಾರ್ಥಿನಿ: ಯಾವ ಮನೆಯವರು ಯಾರ ಮನೆಗೆ ಮುಯ್ಯಾಳಾಗಿ ಹೋಗುತ್ತಾರೆ ಅಂತ ನೆಟ್‌ವರ್ಕ್ ಮಾಡಿದ್ದೇನೆ. ಒಂದು ಪಂಚಾಯಿತಿಯ 10 ಕೇರಿಗೆ ಗುಂಪು ಹುಡುಕುವ ಲೂವೆನ್ ವಿಧಾನ ಓಡಿಸಿದಾಗ ಕೇರಿಗೊಂದು ಗುಂಪು ಸರಿಯಾಗಿ ಬಂತು. ಇನ್ನೆರಡು ಪಂಚಾಯಿತಿ ಸೇರಿಸಿ 30 ಕೇರಿ ಮಾಡಿದ ಮೇಲೆ ಮೊದಲಿನ ಕೇರಿಗಳೇ ಎರಡೆರಡು ಕೂಡಿಕೊಂಡವು. ಅವುಗಳ ನಡುವಿನ ಒಂದು ಲಿಂಕೂ ಬದಲಾಗಿಲ್ಲ. ಗುಂಪುಗಾರಿಕೆ ಎಷ್ಟು ಸರಿ ಅಂತ ಅಳೆಯುವ ಮಾಡ್ಯುಲಾರಿಟಿ ಸ್ಕೋರ್ ಮಾತ್ರ ಚೆನ್ನಾಗಿದೆ. ತಪ್ಪೆಲ್ಲಿದೆ?

ಕುಮಟಾದ ಪ್ರೋಗ್ರಾಮರ್: ಲೂವೆನ್ ಹಳೆಯದಾಯ್ತು, 2008ರದ್ದು. ಕೆಲವು ಸಲ ಒಳಗೊಳಗೇ ಕೂಡದ ಗುಂಪು ಕೊಡುತ್ತದೆ. 2019ರಲ್ಲಿ ಬಂದ ಲೈಡನ್ ಹಾಕಿ, ಸರಿಯಾಗುತ್ತದೆ.

ಕಾರವಾರದ ಮೇಷ್ಟ್ರು: ಲೂವೆನ್ ಬಗ್ಗೆ ಕುಮಟಾದವರು ಹೇಳಿದ್ದು ನಿಜ. ಆದರೆ ಈ ರೋಗಕ್ಕೆ ಅದು ಮದ್ದಲ್ಲ. ಸುಮ್ನೆ ಒಂದು ಲೆಕ್ಕ ಮಾಡೋಣ.

ಕೇರಿಗೆ 5 ಮನೆ, ಎಲ್ಲರೂ ಎಲ್ಲರ ಮನೆಗೂ ಹೋಗುತ್ತಾರೆ ಅಂತ ಇಟ್ಟುಕೊಳ್ಳಿ. ಒಳಗೆ 10 ಲಿಂಕ್. ಕೇರಿಗಳು ಬಳೆಯ ಹಾಗೆ ಸುತ್ತಲೂ ಕೂತಿವೆ, ಆಚೆ ಕೇರಿಗೆ ಒಂದು, ಈಚೆ ಕೇರಿಗೆ ಒಂದು ಲಿಂಕ್. ಒಂದು ಕೇರಿಯ ಮನೆಗಳ ಲಿಂಕ್‌ಗಳನ್ನೆಲ್ಲ ಕೂಡಿಸಿದರೆ 22. ಒಳಗಿನದು ಎರಡು ಸಲ ಎಣಿಕೆಯಾಗುತ್ತದೆ, ಅದಕ್ಕೆ.

ಮಾಡ್ಯುಲಾರಿಟಿ ಕೇಳುವುದು ಇಷ್ಟೇ: ಲಿಂಕ್‌ಗಳನ್ನು ಕಲಸಿ ಮನಬಂದಂತೆ ಹಂಚಿದರೆ ಅಕ್ಕಪಕ್ಕದ ಎರಡು ಕೇರಿಗಳ ನಡುವೆ ಎಷ್ಟು ಬೀಳಬೇಕಿತ್ತು? ಇರುವುದು ಅದಕ್ಕಿಂತ ಜಾಸ್ತಿ ಇದ್ದರೆ ಕೂಡಿಸುತ್ತದೆ. 10 ಕೇರಿ ಇದ್ದಾಗ ಒಟ್ಟು ಲಿಂಕ್ 110:

```
22 × 22 / (2 × 110) = 2.2
22 × 22 / (2 × 330) = 0.73
```

ಮೊದಲ ಸಾಲಿನಲ್ಲಿ 2.2 ನಿರೀಕ್ಷೆ, ಇರುವುದು ಒಂದು. ಹಾಗಾಗಿ ಬೇರೆ ಬೇರೆ ಇಟ್ಟಿತು. 30 ಕೇರಿಯಾದಾಗ ಒಟ್ಟು 330 ಲಿಂಕ್. ನಿರೀಕ್ಷೆ 0.73ಕ್ಕೆ ಇಳಿಯಿತು. ಈಗ ಅದೇ ಒಂದು ಲಿಂಕ್ ಅದರ ಕಣ್ಣಿಗೆ ಭಾರೀ ನಂಟು! ಈ ಅಳತೆಯಲ್ಲಿ 22 ಕೇರಿ ದಾಟಿದ ಕೂಡಲೇ ಜೋಡಿ ಬೀಳುತ್ತದೆ. ಮೂರು ಮನೆಯ ಆಚೆ ಯಾರಿಗೂ ಗೊತ್ತಿಲ್ಲದ ಅಜ್ಜ ಕೂಡ ಇಡೀ ತಾಲೂಕಿನ ಯಾರ ಮನೆಗೆ ಬೇಕಾದರೂ ಹೋಗಬಹುದು ಅಂತ ಈ ಸೂತ್ರ ನಂಬಿಕೊಂಡಿದೆ, ಅದೇ ಮೂಲ.

ಸ್ಕೋರನ್ನೂ ನೋಡಿ. 30 ಕೇರಿ ಬೇರೆ ಬೇರೆ ಇಟ್ಟರೆ 0.876, ಜೋಡಿ ಮಾಡಿದರೆ 0.888. ಅಂದರೆ ತಪ್ಪು ಉತ್ತರಕ್ಕೇ ಜಾಸ್ತಿ ಅಂಕ. ಲೈಡನ್ ಇನ್ನೂ ಚುರುಕಾಗಿ ಹುಡುಕಿದರೂ ಹುಡುಕುವುದು ಆ 0.888ನ್ನೇ ಅಲ್ವಾ? ಫಾರ್ಚುನಾಟೊ, ಬಾರ್ತೆಲೆಮಿ ಎಂಬ ಸಂಶೋಧಕರು 2007ರಲ್ಲೇ ಇದನ್ನು ತೋರಿಸಿದ್ದಾರೆ.

ಹೊನ್ನಾವರದವ: ಸರ್, ನಾನು ಬಸ್ ನಿಲ್ದಾಣಗಳಿಗೆ ಮಾಡಿದ್ದೆ, 0.8 ಬಂತು. ನನ್ನದು ಸರಿ ಇದೆ ಅಂತಾಯ್ತಲ್ಲ?

ಕಾರವಾರದ ಮೇಷ್ಟ್ರು: ಇಲ್ಲ ಮಾರಾಯ್ರೆ. 100 ನಿಲ್ದಾಣದ ಒಂದೇ ನೇರ ಗೆರೆಯನ್ನು ಹತ್ತತ್ತಾಗಿ ಕತ್ತರಿಸಿ, ಆಗಲೂ 0.8 ಬರುತ್ತದೆ. ಅಲ್ಲಿ ಗುಂಪೇ ಇಲ್ಲ. ಹೆದ್ದಾರಿ, ಅದರಿಂದ ಘಟ್ಟಕ್ಕೆ ಹತ್ತುವ ಕವಲು, ನಿಮ್ಮದೂ ಹೆಚ್ಚುಕಡಿಮೆ ಹಾಗೇ. ಪ್ರತಿ ನಿಲ್ದಾಣದ ಲಿಂಕ್ ಸಂಖ್ಯೆ ಹಾಗೇ ಇಟ್ಟು ಉಳಿದದ್ದನ್ನು ಕಲಸಿ, ಅದಕ್ಕೂ ಸ್ಕೋರ್ ತೆಗೆಯಿರಿ. ಅದೂ ಹತ್ತಿರದಲ್ಲೇ ಬಂದರೆ 0.8ಕ್ಕೆ ಅರ್ಥವಿಲ್ಲ.

ಶಿರಸಿಯ ವಿದ್ಯಾರ್ಥಿನಿ: ಹಾಗಾದರೆ ಆ ನಿರೀಕ್ಷೆಯನ್ನು ಗುಣಿಸುವ `resolution` ಏರಿಸಲಾ?

ಕಾರವಾರದ ಮೇಷ್ಟ್ರು: 1.5 ಕೊಟ್ಟರೆ 0.73 ಇದ್ದದ್ದು 1.1 ಆಗುತ್ತದೆ, ಕೇರಿಗಳು ಬಿಡುತ್ತವೆ. ನಾಳೆ ಇನ್ನೊಂದಿಷ್ಟು ಪಂಚಾಯಿತಿ ಸೇರಿಸಿದರೆ ಮತ್ತೆ ಕೂಡುತ್ತವೆ. ಅದರ ಬದಲು ಲೈಡನ್‌ನ ಪೈಥಾನ್ ಪ್ಯಾಕೇಜ್ `leidenalg` ಒಳಗಿನ `CPMVertexPartition` ನೋಡಿ. ಅದು ಒಟ್ಟು ಲಿಂಕನ್ನು ಕೇಳುವುದೇ ಇಲ್ಲ, ಆಗಬಹುದಾದ ಲಿಂಕ್‌ಗಳಲ್ಲಿ ಎಷ್ಟು ಪಾಲು ಇವೆ ಅಂತ ಮಾತ್ರ ನೋಡುತ್ತದೆ. ಎರಡು ಕೇರಿ ನಡುವೆ 25 ಆಗಬಹುದು, ಇರುವುದು 1, ಅಂದರೆ 0.04. ಮಿತಿಯನ್ನು ಅದಕ್ಕಿಂತ ಮೇಲೆ, ಹೇಳಿ 0.1ರಲ್ಲಿ ಇಡಿ. ಊರು ಎಷ್ಟೇ ಸೇರಿಸಿದರೂ ಈ ಕೇರಿಗಳು ಅಲುಗಾಡುವುದಿಲ್ಲ.

ಕುಮಟಾದ ಪ್ರೋಗ್ರಾಮರ್: ಅಂದರೆ ಲೈಡನ್ನೇ ಆಯ್ತಲ್ಲ ಸರ್!

ಕಾರವಾರದ ಮೇಷ್ಟ್ರು: ಹುಡುಕುವ ದಾರಿ ಅದೇ, ಹುಡುಕುವ ವಸ್ತು ಬೇರೆ.

ಶಿರಸಿಯ ವಿದ್ಯಾರ್ಥಿನಿ: ಸರ್, ಒಂದು ಕೇರಿಯಲ್ಲಿ 40 ಮನೆ ಇದೆ. ಒಬ್ಬೊಬ್ಬರು ಆರೇಳು ಮನೆಗೆ ಮಾತ್ರ ಹೋಗುತ್ತಾರೆ.

ಕಾರವಾರದ ಮೇಷ್ಟ್ರು: ಅಲ್ಲಿ ಪಾಲು 0.15ರ ಆಸುಪಾಸು. 0.5 ಇಟ್ಟರೆ ಚೂರುಚೂರು. 0.1ರಲ್ಲಿ ಒಟ್ಟಿಗೆ ಉಳಿಯಬಹುದು, ಖಾತ್ರಿ ಇಲ್ಲ. 0.05ರಿಂದ 0.3ರವರೆಗೆ ಓಡಿಸಿ, ಯಾವ ಗುಂಪು ಎಲ್ಲಿ ಒಡೆಯುತ್ತದೆ ಅಂತ ಬರೆದಿಟ್ಟುಕೊಳ್ಳಿ. ದೊಡ್ಡ ಕೇರಿ ಒಡೆದರೆ ಆ ಚೂರುಗಳು ದಾಯಾದಿ ಮನೆಗಳೋ, ಒಂದೇ ತೋಟದ ಸಾಲಿನವೋ ಅಂತ ಊರಿನವರನ್ನೇ ಕೇಳಬೇಕು. ಅದು ಒಂದೇ ಗುಂಪೋ ನಾಲ್ಕೋ ಅಂತ ನಾನು ಇಲ್ಲಿಂದ ಹೇಳುವುದಿಲ್ಲ.