‘ಸಂಬಂಧ’ವೋ ‘ನೆಂಟಸ್ತಿಕೆ’ಯೋ? ಮದುವೆ ಆ್ಯಪಿನ ಸೂಚನೆಗೆ ಪದ ಬೇಕು

ಅನುವಾದಕಿ, ಬೆಂಗಳೂರು:
ಮಾನ್ಯರೇ, ವಧೂವರರನ್ನು ಹುಡುಕಿಕೊಡುವ ಆ್ಯಪೊಂದರ ಪ್ರಚಾರಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ; ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ಯಾರದಾದರೂ ವಿವರ ಹಿಡಿಸಿ ಗುಂಡಿ ಒತ್ತಿದರೆ ಅವರ ಫೋನಿಗೆ ಸೂಚನೆ ಹೋಗುತ್ತದೆ. ಅದಕ್ಕೆ ‘ನಿಮಗೆ ಹೊಸ ಸಂಬಂಧವಿದೆ’ ಎಂದು ಬರೆದಿದ್ದೆ, ಕಚೇರಿಯ ಕಿರಿಯರು ಓದಿ ಮುಜುಗರಪಟ್ಟರು. ‘ಆಸಕ್ತಿ ವ್ಯಕ್ತಪಡಿಸಿದ್ದಾರೆ’ ಎಂದು ತಿದ್ದಿದೆ, ಅದು ಸರ್ಕಾರಿ ಪ್ರಕಟಣೆಯಂತಾಯಿತು. ಮೊದಲ ಪುಟದ ‘ಸಂಪ್ರದಾಯ ಮತ್ತು ಆಧುನಿಕತೆಯ ಸಂಗಮ’ ಎಂಬ ಸಾಲೂ ನನಗೆ ಒಗ್ಗುತ್ತಿಲ್ಲ. ತಂದೆತಾಯಿಗೂ ಮಕ್ಕಳಿಗೂ ಒಪ್ಪುವ ಮಾತು ಬೇಕು.

ಹಿರಿಯ ಸದಸ್ಯರು, ಶಿವಮೊಗ್ಗ:
‘ಸಂಬಂಧ’ ಸಂಸ್ಕೃತ. ಕನ್ನಡಕ್ಕೆ ತನ್ನದೇ ‘ನಂಟು’ ಇದೆ. ತಮಿಳಿನ ನಣ್ಪು, ನಟ್ಪುಗಳ ಒಡಹುಟ್ಟು ಅದು. ‘ನಿಮಗೊಂದು ನಂಟು’ ಎಂದು ಹಾಕಿ. ಇದಕ್ಕೆ ಚರ್ಚೆಯೇ ಬೇಕಿಲ್ಲ.

ನಿವೃತ್ತ ಅಧ್ಯಾಪಕಿ, ಮೈಸೂರು:
ಚರ್ಚೆ ಬೇಕು ಸರ್. ಇಲ್ಲಿ ತಪ್ಪಿರುವುದು ನಾಮಪದವಲ್ಲ, ಕ್ರಿಯಾಪದ. ‘ಅವರಿಬ್ಬರಿಗೂ ಸಂಬಂಧವಿದೆ’ ಎಂದರೆ ಇಂದು ಪತ್ರಿಕೆಯ ಅಪರಾಧಸುದ್ದಿ ನೆನಪಾಗುತ್ತದೆ. ‘ಹುಡುಗಿಗೆ ಒಂದು ಸಂಬಂಧ ಬಂದಿದೆ’ ಎಂದರೆ ಯಾರಿಗೂ ಹಾಗೆ ಕೇಳಿಸುವುದಿಲ್ಲ. ಸಂಬಂಧ ಬರುತ್ತದೆ, ಸಂಬಂಧ ಕೇಳುತ್ತಾರೆ, ಸಂಬಂಧ ಕೂಡಿಬರುತ್ತದೆ. ಮದುವೆಯ ಮಾತಿನಲ್ಲಿ ಅದು ‘ಇರು’ವುದು ಮಾತ್ರ ಅಪರೂಪ. ಆದ್ದರಿಂದ ಪದವನ್ನು ಬಿಡದೆ ‘ನಿಮಗೊಂದು ಸಂಬಂಧ ಬಂದಿದೆ’ ಎಂದು ತಿದ್ದಿದರೆ ಸಾಕು. ತಂದೆತಾಯಿಯೇ ಖಾತೆ ತೆರೆದಿದ್ದರೆ ‘ನಿಮ್ಮ ಮಗಳಿಗೆ’ ಎಂದಾಗಬೇಕು, ಇಲ್ಲದಿದ್ದರೆ ಐವತ್ತೈದರ ತಂದೆಗೆ ಸಂಬಂಧ ಬಂದಂತಾಗುತ್ತದೆ. ಖಾತೆ ಯಾರದೆಂದು ನೋಡಿ ಬದಲಾಗುವಂತೆ ಎರಡು ಸಾಲು ಬರೆದುಕೊಡಿ.

ಸದಸ್ಯರು, ಧಾರವಾಡ:
ನಮ್ಮ ಕಡೆ ‘ಬೀಗತನ’ ಎನ್ನುತ್ತೇವೆ, ಆದರೆ ಅದು ಮದುವೆ ನಿಶ್ಚಯವಾದ ಮೇಲಿನ ಮಾತು; ಮೊದಲ ಸೂಚನೆಗೆ ಹೊಂದದು. ‘ನಂಟು’ ಅದಕ್ಕಿಂತ ದೂರ, ಊರಿಗೂ ಹೊಳೆಗೂ ನಂಟಿರುತ್ತದೆ. ಹಿರಿಯರು ಅರ್ಧ ದಾರಿ ಸರಿಯಾಗಿಯೇ ಹೋಗಿದ್ದಾರೆ, ಹಳೆ ಮೈಸೂರಿನ ‘ನೆಂಟಸ್ತಿಕೆ ಬೆಳೆಸು’ ಎಂಬುದು ಮದುವೆಯ ಮಾತೇ.

ಹಿರಿಯ ಸದಸ್ಯರು, ಶಿವಮೊಗ್ಗ:
ಹಾಗಿದ್ದರೆ ‘ನೆಂಟಸ್ತಿಕೆ’ ಬಳಸಲಿ. ಅಚ್ಚಗನ್ನಡವಿರುವಾಗ ಎರವಲೇಕೆ?

ನಿವೃತ್ತ ಅಧ್ಯಾಪಕಿ, ಮೈಸೂರು:
‘ದೊಡ್ಡಸ್ತಿಕೆ’, ‘ನೆಂಟಸ್ತಿಕೆ’ಗಳಲ್ಲಿರುವ ‘ಸ್ತಿಕೆ’ ಗೃಹಸ್ಥ, ಮಧ್ಯಸ್ಥಗಳ ‘ಸ್ಥ’ದಿಂದ ಬಂದಿದೆ ಎಂದೇ ನನ್ನ ನಂಬಿಕೆ. ಎರವಲು ಅಲ್ಲಿಯೂ ಇದೆ.

ಹಿರಿಯ ಸದಸ್ಯರು, ಶಿವಮೊಗ್ಗ:
ನಂಬಿಕೆ ಆಧಾರವಲ್ಲ. ಒಪ್ಪಲಾರೆ.

ಸದಸ್ಯರು, ಹಾಸನ:
ಕ್ಷಮಿಸಿ, ಇದೇ ವಿಷಯವಾದ್ದರಿಂದ ಕೇಳುತ್ತಿದ್ದೇನೆ. ಮುಂದಿನ ತಿಂಗಳು ನನ್ನ ಮಗನ ಮದುವೆ. ಲಗ್ನಪತ್ರಿಕೆಯಲ್ಲಿ ‘ವಧೂವರರು’ ಎಂದು ಅಚ್ಚು ಹಾಕಿಸಿದ್ದೇನೆ. ಬೀಗರು ‘ವಧುವರರು’ ಎನ್ನುತ್ತಿದ್ದಾರೆ. ತಿದ್ದಿಸಬೇಕೇ?

ಸದಸ್ಯರು, ಧಾರವಾಡ:
ಬೇಡ. ಸಮಾಸವಾದಾಗ ಸಂಸ್ಕೃತದ ದೀರ್ಘ ಉಳಿಯುತ್ತದೆ, ಒಂಟಿಯಾಗಿ ಬಂದಾಗ ಕನ್ನಡದಲ್ಲಿ ‘ವಧು’. ನಿಮ್ಮದು ಸರಿಯಾಗಿದೆ. ಈಗ ಆ್ಯಪಿನ ಮಾತಿಗೆ ಬರೋಣ.

ಅನುವಾದಕಿ, ಬೆಂಗಳೂರು:
‘ಸಂಬಂಧ ಬಂದಿದೆ’ ಹಾಕುತ್ತೇನೆ. ಅದರ ಕೆಳಗಿನ ಎರಡು ಗುಂಡಿಗಳಿಗೆ ‘ಒಪ್ಪಿಗೆ’, ‘ನಿರಾಕರಿಸಿ’ ಎಂದಿಟ್ಟಿದ್ದೇನೆ. ಆಗಬಹುದೇ?

ನಿವೃತ್ತ ಅಧ್ಯಾಪಕಿ, ಮೈಸೂರು:
ಆಗದು. ನಮ್ಮ ಮನೆಗಳಲ್ಲಿ ಹುಡುಗಿ ‘ಒಪ್ಪಿಗೆ’ ಎಂದರೆ ಮುಂದಿನದು ತಾಂಬೂಲ. ಭಾವಚಿತ್ರ ನೋಡಿ ಹತ್ತು ನಿಮಿಷವಾಗದವಳು ಆ ಗುಂಡಿ ಒತ್ತಲು ಹೆದರುತ್ತಾಳೆ, ಒತ್ತಿದರೆ ಆ ಕಡೆಯವರು ಹೆಚ್ಚು ಅರ್ಥಮಾಡಿಕೊಳ್ಳುತ್ತಾರೆ. ‘ಪರಿಚಯವಾಗಲಿ’ ಎಂದಿಡಿ. ‘ನಿರಾಕರಿಸಿ’ ಕೋರ್ಟಿನ ಭಾಷೆ. ಬೇಡವೆಂಬುದನ್ನು ನಾವು ನೇರವಾಗಿ ಹೇಳುವುದೇ ಇಲ್ಲ. ಮೂವತ್ತಾರಕ್ಕೆ ಇಪ್ಪತ್ತೆಂಟು ಗುಣ ಕೂಡಿದ್ದರೂ ‘ಜಾತಕ ಕೂಡಲಿಲ್ಲ’ ಎಂದು ಹೇಳಿಕಳುಹಿಸುವುದು ಎದುರಿನವರ ಮರ್ಯಾದೆ ಉಳಿಸಲು. ಆ ನೆಪವನ್ನು ಆ್ಯಪು ಹೇಳಬಾರದು, ಆ ಮೃದುತ್ವ ಮಾತ್ರ ಇರಲಿ: ‘ಈ ಸಂಬಂಧ ಬೇಡ’ ಎಂಬುದನ್ನು ಒತ್ತಿದವರಿಗೆ ತೋರಿಸಿ, ಆ ಕಡೆಗೆ ‘ಈ ಸಂಬಂಧ ಕೂಡಿಬರಲಿಲ್ಲ’ ಎಂದು ಕಳುಹಿಸಿ. ಯಾರು ಬೇಡವೆಂದರು ಎಂಬುದು ಆ ವಾಕ್ಯದಲ್ಲಿ ಇರುವುದಿಲ್ಲ.

ಸದಸ್ಯರು, ಧಾರವಾಡ:
‘ಸಂಗಮ’ದ ಸಾಲನ್ನು ಪೂರ್ತಿ ತೆಗೆಯಿರಿ. ಮಗಳ ಮದುವೆಯ ಮಾತನಾಡುವಾಗ ಯಾವ ತಾಯಿಯೂ ‘ಸಂಪ್ರದಾಯ’ ಎನ್ನುವುದಿಲ್ಲ, ‘ಜಾತಕ ತೋರಿಸಿದ್ದೀರಾ’ ಎನ್ನುತ್ತಾಳೆ. ಮಗಳು ‘ಆಧುನಿಕತೆ’ ಎನ್ನುವುದಿಲ್ಲ, ‘ನಾನೊಮ್ಮೆ ಮಾತಾಡಬೇಕು’ ಎನ್ನುತ್ತಾಳೆ. ಅದನ್ನೇ ಬರೆಯಿರಿ: ‘ಜಾತಕ ಅಮ್ಮ ನೋಡಲಿ, ಮೊದಲ ಮಾತು ನೀವೇ ಆಡಿ.’

ಹಿರಿಯ ಸದಸ್ಯರು, ಶಿವಮೊಗ್ಗ:
ಸಾಲು ಚೆನ್ನಾಗಿದೆ. ‘ಜಾತಕ’ವೂ ಸಂಸ್ಕೃತವೇ ಎಂಬುದನ್ನು ದಾಖಲಿಸುತ್ತೇನೆ.

ಅನುವಾದಕಿ, ಬೆಂಗಳೂರು:
ಎಲ್ಲರಿಗೂ ಕೃತಜ್ಞತೆಗಳು. ಸೂಚನೆ, ಗುಂಡಿಗಳು, ಮೊದಲ ಸಾಲು ಮೂರನ್ನೂ ಹೀಗೆಯೇ ಕಳುಹಿಸುತ್ತಿದ್ದೇನೆ. ಒಂದು ತೊಡಕು ಉಳಿದಿದೆ: ಜಾತಕ ಕೇಳದ ಮನೆಗಳೂ ಈ ಆ್ಯಪಿನಲ್ಲಿವೆ, ಅವರಿಗೆ ಆ ಸಾಲಿನ ಮೊದಲರ್ಧ ಏನಾಗಬೇಕು? ‘ಮನೆತನ ಅಪ್ಪ ವಿಚಾರಿಸಲಿ’ ಎಂದು ಯೋಚಿಸಿದೆ. ‘ಮನೆತನ’ ಎಂದೊಡನೆ ಜಾತಿ ಕೇಳಿದಂತೆ ಆಗುತ್ತದೆಯೇ ಎಂಬ ಅಳುಕಿದೆ. ನಾಳೆ ಮಧ್ಯಾಹ್ನದವರೆಗೆ ಕಾಯುತ್ತೇನೆ.