ಒಂದೇ ಸುದ್ದಿ ಮೂರು ಸಲ ಬರುತ್ತಿದೆ, ಸೇರಿಸುವುದು ಹೇಗೆ? ಸಹಾಯ ಬೇಕು

ಇಮೇಲ್, ಎಸ್ಸೆಮ್ಮೆಸ್, ಚಾಟ್ ಆ್ಯಪ್ ಮೂರರ ನೋಟಿಫಿಕೇಶನ್‌ಗಳನ್ನೂ ಒಂದೇ ಕಡೆ ತೋರಿಸುವ ಸಣ್ಣ ಆಂಡ್ರಾಯ್ಡ್ ಆ್ಯಪ್ ನನಗೋಸ್ಕರ ಬರೆದುಕೊಂಡಿದ್ದೇನೆ. ಪಾರ್ಸೆಲ್ ಹೊರಟರೆ ಅದೇ ಸುದ್ದಿ ಮೂರು ಸಲ!

ಮೊದಲು ಪಠ್ಯ ಎಷ್ಟು ಹೋಲುತ್ತದೆ ಅಂತ ನೋಡಿ ಸೇರಿಸುತ್ತಿದ್ದೆ, ಅದು ಕೈಕೊಟ್ಟಿತು. 'ಹೊರಟಿದೆ', 'ತಲುಪಿದೆ' ಸಂದೇಶಗಳಲ್ಲಿ ಒಂದೇ ಪದ ವ್ಯತ್ಯಾಸ, ಆದರೆ ಘಟನೆಗಳು ಬೇರೆ, ಅಲ್ವಾ? ಈಗ ಆರ್ಡರ್ ನಂಬರ್ ಮತ್ತು ಹಂತ ಸೇರಿಸಿ ಕೀ ಮಾಡಿದ್ದೇನೆ, ಚೆನ್ನಾಗಿ ನಡೆಯುತ್ತಿದೆ.

ತೊಂದರೆ ಕೊಡುತ್ತಿರುವುದು ಎಸ್ಸೆಮ್ಮೆಸ್. ಅದರಲ್ಲಿ ಆರ್ಡರ್ ನಂಬರ್ ಇರುವುದಿಲ್ಲ, ಹಾಗಾಗಿ ಅಂಗಡಿಯ ಹೆಸರು, ಹಂತ ಮತ್ತು 10 ನಿಮಿಷದ ಅಂತರ ನೋಡಿ ಸೇರಿಸುತ್ತೇನೆ. ನಿನ್ನೆ ಇಮೇಲ್ 10:02ಕ್ಕೆ ಬಂತು, ಚಾಟ್ 10:03ಕ್ಕೆ, ಫೋನ್‌ಗೆ ಸಿಗ್ನಲ್ ಇಲ್ಲದ್ದರಿಂದ ಎಸ್ಸೆಮ್ಮೆಸ್ 10:41ಕ್ಕೆ. ಸೇರಲಿಲ್ಲ. ಅಂತರವನ್ನು ಒಂದು ಗಂಟೆ ಮಾಡಿದೆ, ಆಗ ಅದೇ ಅಂಗಡಿಯ ಎರಡು ಪಾರ್ಸೆಲ್ ಒಂದಾಗಿ, ಒಂದರ ಸುದ್ದಿ ಕಾಣದೇ ಹೋಯಿತು. ನನ್ನ ಪ್ರಕಾರ ಇದು ಇನ್ನೂ ಕೆಟ್ಟದ್ದು, ಎರಡು ಸಲ ಕಂಡರೆ ಸುಮ್ನೆ ಕಿರಿಕಿರಿ ಅಷ್ಟೇ.

ತಲುಪಿದ ಸಮಯದ ಬದಲು `date_sent` ಬಳಸಿದರೆ ಸಾಕೇ? ಒಂದು ಎಸ್ಸೆಮ್ಮೆಸ್‌ಗೆ ಎರಡು ಆರ್ಡರ್ ಹೊಂದಿದರೆ ನೀವು ಏನು ಮಾಡುತ್ತೀರಿ?