ಚಿನ್ನದ ಸಾಲದ ಸ್ಟೇಟ್‌ಮೆಂಟ್ ಫೋಟೊ: ಕಟ್ಟಬೇಕಾದ್ದು ಎಷ್ಟು?

“ಅಮ್ಮನ ಜೋಮಾಲೆ ಬ್ಯಾಂಕಿನಲ್ಲಿದೆ. ಜೂನ್ 10ಕ್ಕೆ 1,50,000 ತೆಗೆದದ್ದು, ಬಡ್ಡಿ ಶೇ. 9. ವಾಟ್ಸಾಪ್‌ನಲ್ಲಿ ಬಂದ ಸ್ಟೇಟ್‌ಮೆಂಟ್ ಫೋಟೊ ಮಸುಕು, ಆಗಸ್ಟ್ 31ಕ್ಕೇ ನಿಂತಿದೆ. ಸೆಪ್ಟೆಂಬರ್ 18ಕ್ಕೆ ಬಿಡಿಸಲು ಎಷ್ಟು ಬೇಕು?” (ಮಡಿಕೇರಿಯಿಂದ)

ಸೋಮವಾರಪೇಟೆ: ಇದೇನು ದೊಡ್ಡ ಲೆಕ್ಕ? ನೂರು ದಿನ, ಶೇ. 9. ಬಡ್ಡಿ 3,699. ಒಟ್ಟು 1,53,699 ಹಾಕಿ ಮುಗಿಸಿ.

ವಿರಾಜಪೇಟೆ: ಅಣ್ಣಾ, ಹಾಗೆ ಹಾಕಿದರೆ ಸಾಲ ಮುಚ್ಚುವುದಿಲ್ಲ. ಫೋಟೊದಲ್ಲಿ `INT` ಎಂದಿರುವ ಸಾಲುಗಳನ್ನು ನೋಡಿ. ಜೂನ್ ಕೊನೆಗೆ 777, ಜುಲೈ ಕೊನೆಗೆ 1,153, ಆಗಸ್ಟ್ ಕೊನೆಗೆ 1,161. ಪ್ರತಿ ತಿಂಗಳೂ ಬಡ್ಡಿಯನ್ನು ಅಸಲಿಗೆ ಸೇರಿಸಿದ್ದಾರೆ, ಅದಕ್ಕೇ ಮೊತ್ತ ಏರುತ್ತಿದೆ. ಕೊನೆಯ ಬ್ಯಾಲೆನ್ಸಿನಲ್ಲಿ ಒಂದು ಅಂಕೆ ಅಳಿಸಿಹೋಗಿದೆ, `1,53,0?1 Dr`. ಅದು 9 ಇರಬಹುದು, 8 ಇರಬಹುದು. ಊಹೆ ಬೇಡ, ಮೇಲಿನ ಸಾಲಿನ 1,51,930ಕ್ಕೆ 1,161 ಕೂಡಿಸಿ: 1,53,091. ಮಸುಕು ಫೋಟೊವನ್ನು ಹೀಗೇ ಪರೀಕ್ಷಿಸಬೇಕು.

ಆದರೆ ಅದು ಆಗಸ್ಟ್ 31ರ ಮೊತ್ತ. ಸೆಪ್ಟೆಂಬರ್‌ನ ಬಡ್ಡಿ ಇನ್ನೂ ಸಾಲಿನಲ್ಲಿ ಬಂದಿಲ್ಲ. 1,53,091ಕ್ಕೆ ಶೇ. 9ರಂತೆ ದಿನಕ್ಕೆ ₹37.75, 1ರಿಂದ 17ರವರೆಗೆ 17 ದಿನ, 642. ಒಟ್ಟು 1,53,733.

ಸೋಮವಾರಪೇಟೆ: ಮೂವತ್ತನಾಲ್ಕು ರೂಪಾಯಿಗೆ ಇಷ್ಟು ಗಲಾಟೆಯಾ?

ವಿರಾಜಪೇಟೆ: ಆ ಮೂವತ್ತನಾಲ್ಕು ಬಾಕಿ ಉಳಿದರೆ ಖಾತೆ ಮುಚ್ಚುವುದಿಲ್ಲ, ಮಾಲೆ ಲಾಕರಿನಲ್ಲೇ. ಹಣ ಹಾಕುವ ಮೊದಲು ಶಾಖೆಯಲ್ಲಿ ಆ ದಿನದ ಮುಕ್ತಾಯ ಮೊತ್ತ ಕೇಳಿ. ಸ್ಟೇಟ್‌ಮೆಂಟ್‌ನಲ್ಲಿ ಕಾಣದ ಶುಲ್ಕ ಇದ್ದರೆ ಅಲ್ಲಿ ಗೊತ್ತಾಗುತ್ತದೆ.

ಕುಶಾಲನಗರ: ಇದೆಲ್ಲ ಬ್ಯಾಂಕಿಗೆ ಸರಿ. ನಾನು ಫೈನಾನ್ಸಿನಲ್ಲಿ 80,000 ತೆಗೆದಿದ್ದೆ. ಅವರ ಕಾಗದದಲ್ಲಿ ಅಸಲು ಮಾತ್ರ, ಬಡ್ಡಿ ಬೇರೆ ಕಾಲಂ. ಸಮಯಕ್ಕೆ ಕಟ್ಟಿದರೆ ಶೇ. 12, ಗಡುವು ದಾಟಿದರೆ ಮೊದಲ ದಿನದಿಂದಲೇ ಶೇ. 24. ನೂರು ದಿನಕ್ಕೆ 2,630 ಅಂದುಕೊಂಡು ಹೋದೆ, 5,260 ವಸೂಲಿ! ದರದ ಪಟ್ಟಿ ರಸೀದಿಯ ಹಿಂಬದಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿತ್ತು.

ವಿರಾಜಪೇಟೆ: ಅಕ್ಕಾ, ಕೇಳಿದ್ದು ಬ್ಯಾಂಕಿನ ಸಾಲದ ಬಗ್ಗೆ.

ಕುಶಾಲನಗರ: ಓದುವವರು ಎಲ್ಲ ಬ್ಯಾಂಕಿನವರೇ ಅಲ್ಲವಲ್ಲ!

ಗೋಣಿಕೊಪ್ಪ: ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಇದು ಕಾಫಿ ತೋಟದ ಹೆಸರಿನ ಕೃಷಿ ಸಾಲವೋ, ಸ್ವಂತ ಖರ್ಚಿನದ್ದೋ? ಕೃಷಿ ಸಾಲವಾದರೆ ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಬಾರದು, ಬೆಳೆ ಬರುವ ಹೊತ್ತಿಗೆ ಹೊಂದಿಸಬೇಕು. ಆಗ ಸೋಮವಾರಪೇಟೆಯವರ 3,699 ಸರಿಯಾಗುತ್ತದೆ.

ಸೋಮವಾರಪೇಟೆ: ಹಾಂ, ಈಗ ಹೇಳಿ!

ವಿರಾಜಪೇಟೆ: ಫೋಟೊದಲ್ಲಿ ಸೇರಿಸಿರುವುದು ಕಣ್ಣೆದುರೇ ಇದೆಯಲ್ಲ. ಕೃಷಿ ಸಾಲವಾಗಿದ್ದರೆ ಮೊದಲು ಶಾಖೆಯಲ್ಲಿ ತಿದ್ದಿಸಿ, ಆಮೇಲೆ ಕಟ್ಟಿ. ಮಂಜೂರಾತಿ ಪತ್ರದ ಮೇಲೆ ಯಾವ ಯೋಜನೆ ಅಂತ ಬರೆದಿದೆ?

ಮಡಿಕೇರಿ: ಆ ಪತ್ರ ಅಪ್ಪನ ಹತ್ತಿರ. ಸಂಜೆ ನೋಡಿ ಹಾಕುತ್ತೇನೆ.